ಹಣ ಕಟ್ಟುವವರು ಹುಬ್ಬಳ್ಳಿಯಲ್ಲಿ, ಪೇಡೆ ತಿನ್ನುವವರು ಮೆಲ್ಬರ್ನಿನಲ್ಲಿ: ಸಿಹಿ ಅಂಗಡಿಯ ವಿದೇಶಿ ಲೆಕ್ಕ

ಸೀರೆ ಮಾರುವ ಜಾಲತಾಣದಲ್ಲಿ ಕೊಳ್ಳುವವರೂ ಪಡೆಯುವವರೂ ಬಹುಮಟ್ಟಿಗೆ ಒಬ್ಬರೇ ಆಗಿರುತ್ತಾರೆ. ಸಿಹಿತಿಂಡಿಯ ಅಂಗಡಿಯಲ್ಲಿ ಹಾಗಲ್ಲ. ಹುಬ್ಬಳ್ಳಿಯ ತಾಯಿ ಮೊಬೈಲಿನಲ್ಲಿ ಹಣ ಕಟ್ಟುತ್ತಾರೆ, ಡಬ್ಬಿ ಡಲ್ಲಾಸಿನ ಮಗಳ ಮನೆಗೆ ಹೋಗುತ್ತದೆ. ಮುಂದಿನ ತಿಂಗಳು ಅದೇ ಮಗಳು ತನ್ನ ಅಮೆರಿಕದ ಕಾರ್ಡಿನಿಂದ ಹಣ ಕಟ್ಟಿ ಮೆಲ್ಬರ್ನಿನ ಅಣ್ಣನಿಗೆ ಪೇಡೆ ಕಳಿಸಬೇಕೆನ್ನುತ್ತಾಳೆ. ಹೀಗಿರುವಾಗ ಪುಟದ ತಲೆಯಲ್ಲಿ ‘ದೇಶ ಆರಿಸಿ’ ಎಂಬ ಒಂದೇ ಪಟ್ಟಿ ಇಟ್ಟು, ಬೆಲೆ, ಸಾಗಣೆ, ಕಸ್ಟಮ್ಸ್ ಮೂರನ್ನೂ ಅದಕ್ಕೇ ಕಟ್ಟಿಹಾಕಿದರೆ ತೊಂದರೆ ಅಲ್ಲಿಂದಲೇ ಶುರು. ತಾಯಿ ಅಮೆರಿಕ ಎಂದು ಆರಿಸಿದ ತಕ್ಷಣ ಅವರಿಗೆ ಬೆಲೆಯೆಲ್ಲ ಡಾಲರಿನಲ್ಲಿ ಕಾಣುತ್ತದೆ. ಅವರ ಕೈಯಲ್ಲಿರುವುದು ರೂಪಾಯಿ. ಅರ್ಧ ಜನ ಅಲ್ಲಿಗೇ ಪುಟ ಮುಚ್ಚುತ್ತಾರೆ.

ಬೆಲೆಯನ್ನು ಯಾವ ಹಣದಲ್ಲಿ ತೋರಿಸಬೇಕು ಎಂಬುದನ್ನು ಹಣ ಕಟ್ಟುವವರನ್ನು ನೋಡಿ ತೀರ್ಮಾನಿಸಬೇಕು. ಸಾಗಣೆ ದರವನ್ನು ಡಬ್ಬಿ ಸೇರುವ ವಿಳಾಸ ನೋಡಿ, ಡಬ್ಬಿಯ ಅಳತೆ ನೋಡಿ ಹೇಳಬೇಕು. ಕಸ್ಟಮ್ಸ್ ಟಿಪ್ಪಣಿಗೆ ಮಾತ್ರ ಇವೆರಡೂ ಸಾಲವು. ಡಬ್ಬಿಯೊಳಗೆ ಏನಿದೆ, ಅದನ್ನು ಯಾರು ಯಾರಿಗೆ ಯಾವ ಸಂಬಂಧದಲ್ಲಿ ಕಳಿಸುತ್ತಿದ್ದಾರೆ ಎಂಬುದೂ ಅಲ್ಲಿ ಬೇಕು. ಈ ಮೂರನ್ನು ಬೇರೆ ಬೇರೆಯಾಗಿ ಕೇಳುವ ಅಂಗಡಿಗೆ ಮುಂದಿನ ಕೆಲಸ ಸಲೀಸು.

ರೂಪಾಯಿ ನಿಜ, ಉಳಿದದ್ದು ಅಂದಾಜು

ಹಣದ ವಿಷಯ ಬೇಗ ಮುಗಿಯುತ್ತದೆ. ಅಂಗಡಿಯ ಖರ್ಚು ರೂಪಾಯಿಯಲ್ಲಿದೆ. ತುಪ್ಪ, ಸಕ್ಕರೆ, ಕೂಲಿ, ಕೊರಿಯರ್ ಬಿಲ್ಲು ಎಲ್ಲವೂ ರೂಪಾಯಿಯೇ. ಆದ್ದರಿಂದ ಮೂಲ ಬೆಲೆ ರೂಪಾಯಿಯಲ್ಲಿಯೇ ಇರಲಿ. ವಿದೇಶದ ಕಾರ್ಡಿನವರಿಗೆ ಅದರ ಕೆಳಗೆ ಅವರ ಹಣದಲ್ಲಿ ಒಂದು ಸಾಲು ಬರಲಿ, ಅದರ ಪಕ್ಕದಲ್ಲಿ ‘ಸುಮಾರು’ ಎಂಬ ಪದವೂ ಇರಲಿ. ಆ ಪದ ಶೋಭೆಗೆ ಇಡುವುದಲ್ಲ. ಅಂಗಡಿ ರೂಪಾಯಿಯಲ್ಲಿ ಹಣ ಪಡೆದಾಗ ಅದನ್ನು ಡಾಲರಿಗೆ ತಿರುಗಿಸುವುದು ಗ್ರಾಹಕರ ಬ್ಯಾಂಕು ಮತ್ತು ಕಾರ್ಡ್ ಸಂಸ್ಥೆ. ಅವರ ದರ ಬೇರೆ, ಅದರ ಮೇಲೆ ಅನೇಕ ಬ್ಯಾಂಕುಗಳು ಹಾಕುವ ವಿದೇಶಿ ವಹಿವಾಟಿನ ಶುಲ್ಕವೂ ಬೇರೆ. ನೀವು 75 ಡಾಲರ್ ಎಂದು ತೋರಿಸಿದ್ದು ಅವರ ಸ್ಟೇಟ್‌ಮೆಂಟಿನಲ್ಲಿ 77 ಆಗಿ ಬಂದರೆ ಫೋನ್ ಬರುವುದು ನಿಮಗೇ ಹೊರತು ಬ್ಯಾಂಕಿಗಲ್ಲ.

ಡಾಲರ್ ಗುರುತನ್ನು ಮಾತ್ರ ನಂಬಬೇಡಿ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಸಿಂಗಪುರ ಎಲ್ಲರದ್ದೂ ಅದೇ ಗುರುತು. ಕೆನಡಾದವರು ಅಮೆರಿಕದ ಡಾಲರನ್ನು ತಮ್ಮದೆಂದು ಓದಿಕೊಂಡರೆ ಬೆಲೆ ಸೋವಿಯಾಗಿ ಕಾಣುತ್ತದೆ, ಆಮೇಲೆ ಜಗಳ. ಗುರುತಿನ ಬದಲು ಮೂರಕ್ಷರದ ಸಂಕೇತ ತೋರಿಸುವುದು ಒಳ್ಳೆಯದು. ದಶಮಾಂಶದ ಸ್ಥಾನಗಳನ್ನೂ ಕೈಯಾರೆ ಬರೆಯಬೇಡಿ. ಕುವೈತಿನ ದಿನಾರಿಗೆ ಸಾವಿರ ಫಿಲ್ಸ್. ಅಲ್ಲಿ ಚುಕ್ಕಿಯ ನಂತರ ಮೂರು ಅಂಕಿ ಬೇಕು. ಬಹರೇನ್, ಒಮಾನ್‌ಗಳದ್ದೂ ಹಾಗೆಯೇ. ಜಪಾನಿನ ಯೆನ್‌ಗೆ ಚುಕ್ಕಿಯೇ ಇಲ್ಲ. ಬ್ರೌಸರಿನಲ್ಲಿ ಮೊದಲೇ ಇರುವ ಸೌಲಭ್ಯ ಇದನ್ನೆಲ್ಲ ಬಲ್ಲದು:

```
function show(rupees, rate, cur) {
  return new Intl.NumberFormat('en-IN', {
    style: 'currency',
    currency: cur,
    currencyDisplay: 'code'
  }).format(rupees / rate);
}
show(6797.60, 90, 'USD');   // USD 75.53
show(6797.60, 290, 'KWD');  // KWD 23.440
```

ಇಲ್ಲಿಯ 6797.60 ಮುಂದೆ ಲೆಕ್ಕ ಹಾಕುವ ಡಬ್ಬಿಯ ಸಿಹಿ, ಸಾಗಣೆ ಸೇರಿದ ಒಟ್ಟು ರೂಪಾಯಿ. 90 ಮತ್ತು 290 ಲೆಕ್ಕಕ್ಕೆಂದು ಹಿಡಿದ ದರಗಳು, ಇಂದಿನ ದರಗಳಲ್ಲ. ದರವನ್ನು ದಿನಕ್ಕೊಮ್ಮೆ ತಂದರೆ ಸಾಕು. ಪುಟ ತೆರೆದಾಗಲೆಲ್ಲ ತಂದರೆ, ಬುಟ್ಟಿಗೆ ಹಾಕಿದಾಗ ಇದ್ದ ಬೆಲೆ ಹಣ ಕಟ್ಟುವಾಗ ಬದಲಾಗಿ ಗ್ರಾಹಕರಿಗೆ ಅನುಮಾನ ಹುಟ್ಟುತ್ತದೆ. ತೋರಿಸಿದ ದರವನ್ನೂ ಅದರ ದಿನಾಂಕವನ್ನೂ ಆರ್ಡರಿನ ಜೊತೆಗೇ ಬರೆದಿಡಿ. ಹಣ ಹಿಂದಿರುಗಿಸುವ ಸಂದರ್ಭ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ. ನೀವು ಪಡೆದಷ್ಟೇ ರೂಪಾಯಿ ವಾಪಸು ಕೊಟ್ಟರೂ ಅವರಿಗೆ ಸಿಗುವ ಡಾಲರ್ ಒಂದಿಷ್ಟು ಹೆಚ್ಚು ಕಡಿಮೆ ಆಗಿರುತ್ತದೆ. ಅದನ್ನು ಮೊದಲೇ ಹೇಳಿರಬೇಕು.

ಕೊರಿಯರ್ ತೂಗುವುದು ಗಾಳಿಯನ್ನೂ

ಸಾಗಣೆ ದರದಲ್ಲಿ ಅಂಗಡಿಯವರು ಸಾಮಾನ್ಯವಾಗಿ ಎಡವುವುದು ಸಿಹಿಯ ತೂಕವನ್ನೇ ಸಾಗಣೆಯ ತೂಕ ಎಂದುಕೊಳ್ಳುವುದರಿಂದ. ಅಂತರರಾಷ್ಟ್ರೀಯ ಕೊರಿಯರ್‌ಗಳು ಎರಡು ತೂಕ ನೋಡುತ್ತವೆ. ಒಂದು ತಕ್ಕಡಿಯದು. ಇನ್ನೊಂದು ಗಾತ್ರದ್ದು: ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಕಿಲೋ. ಎರಡರಲ್ಲಿ ಹೆಚ್ಚಿನದಕ್ಕೆ ದರ, ಅದೂ ಮುಂದಿನ ಅರ್ಧ ಕಿಲೋಗೆ ಏರಿಸಿ.

ಒಂದು ಡಬ್ಬಿಯನ್ನು ಪೂರ್ತಿ ಲೆಕ್ಕ ಹಾಕೋಣ. ಹುಬ್ಬಳ್ಳಿಯ ತಾಯಿ ಡಲ್ಲಾಸಿಗೆ ಒಂದು ಕಿಲೋ ತುಪ್ಪದ ಮೈಸೂರು ಪಾಕ್, ಒಂದು ಕಿಲೋ ಗೋಕಾಕದ ಕರದಂಟು ಕಳಿಸುತ್ತಾರೆ. ಮೈಸೂರು ಪಾಕ್ 900 ರೂಪಾಯಿ, ಕರದಂಟು 800, ಒಟ್ಟು 1,700 ಎಂದಿಟ್ಟುಕೊಳ್ಳಿ. ಒಳಡಬ್ಬಿ, ಬೆಣ್ಣೆ ಕಾಗದ, ಹೊರಗಿನ ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ ಎಲ್ಲ ಸೇರಿ ತಕ್ಕಡಿಯಲ್ಲಿ 2.6 ಕಿಲೋ. ಗೋದಾಮಿನಲ್ಲಿ ಸಿಕ್ಕ 32×24×20 ಸೆಂಟಿಮೀಟರಿನ ಪೆಟ್ಟಿಗೆಗೆ ತುಂಬಿದರು. ಗುಣಿಸಿದರೆ 15,360, 5000ದಿಂದ ಭಾಗಿಸಿದರೆ 3.07 ಕಿಲೋ. ತಕ್ಕಡಿ 2.6 ಎಂದರೂ ಗಾತ್ರ 3ನ್ನು ದಾಟಿತು. ಹಾಗಾಗಿ ದರ 3.5 ಕಿಲೋಗೆ. ಅದೇ ಸರಕನ್ನು 30×22×18ರ ಪೆಟ್ಟಿಗೆಗೆ ಒತ್ತಾಗಿ ಜೋಡಿಸಿದರೆ ಗಾತ್ರದ ತೂಕ 2.38 ಮಾತ್ರ. ಆಗ ತಕ್ಕಡಿಯ 2.6 ಗೆಲ್ಲುತ್ತದೆ, ದರ 3 ಕಿಲೋಗೆ.

ಕೊರಿಯರ್‌ನ ದರಪಟ್ಟಿಯಲ್ಲಿ 3 ಕಿಲೋಗೆ 3,600, 3.5 ಕಿಲೋಗೆ 4,100 ಇದೆ ಎಂದು ಭಾವಿಸಿ. ಅದು ಕೊನೆಯ ಮೊತ್ತವಲ್ಲ. ಅದರ ಮೇಲೆ ಇಂಧನ ಸರ್‌ಚಾರ್ಜ್ ಎಂಬ ಶೇಕಡಾವಾರು ಸೇರುತ್ತದೆ, ಅದು ಆಗಾಗ ಬದಲಾಗುತ್ತದೆ. ಈ ಲೆಕ್ಕಕ್ಕೆ ಶೇ 20 ಹಿಡಿಯೋಣ. ಆ ಒಟ್ಟು ಮೊತ್ತದ ಮೇಲೆ ಶೇ 18 ಜಿಎಸ್‌ಟಿ. ಸಣ್ಣ ಪೆಟ್ಟಿಗೆಗೆ 3,600 ಹೋಗಿ 4,320 ಆಗಿ, ಕೊನೆಗೆ 5,097 ರೂಪಾಯಿ 60 ಪೈಸೆಗೆ ನಿಲ್ಲುತ್ತದೆ. ದೊಡ್ಡ ಪೆಟ್ಟಿಗೆಯದು 5,805 ರೂಪಾಯಿ 60 ಪೈಸೆ. ಏಳುನೂರು ರೂಪಾಯಿ ಹೋದದ್ದು ಪೆಟ್ಟಿಗೆಯೊಳಗಿನ ಖಾಲಿ ಜಾಗಕ್ಕೆ. ಅಷ್ಟರಲ್ಲಿ ಮುಕ್ಕಾಲು ಕಿಲೋ ಮೈಸೂರು ಪಾಕ್ ಬರುತ್ತಿತ್ತು.

ಈ ಲೆಕ್ಕ ಅಂಗಡಿಯ ಪುಟಕ್ಕೆ ಎರಡು ವಿಷಯ ಹೇಳುತ್ತದೆ. ಸಿಹಿಗೆ 1,700, ಸಾಗಣೆಗೆ ಅದರ ಮೂರು ಪಟ್ಟು. ಇದನ್ನು ಹಣ ಕಟ್ಟುವ ಕೊನೆಯ ಹಂತದವರೆಗೆ ಬಚ್ಚಿಟ್ಟರೆ ಗ್ರಾಹಕರು ಮೋಸ ಹೋದಂತೆ ಭಾವಿಸುತ್ತಾರೆ. ವಿಳಾಸ ಕೊಡುವ ಮೊದಲೇ, ದೇಶ ಮತ್ತು ತೂಕ ಗೊತ್ತಾದ ಕೂಡಲೇ ಸಾಗಣೆ ಮೊತ್ತ ಕಾಣಿಸಬೇಕು. ಎರಡನೆಯದು, ತಕ್ಕಡಿ 2.6ರಲ್ಲಿದ್ದು ದರ 3ಕ್ಕೆ ಹೋಗುತ್ತಿದೆ ಎಂದರೆ ಸುಮಾರು ನಾನೂರು ಗ್ರಾಂ ಬಿಟ್ಟಿ ಹೋಗುತ್ತಿದೆ. ‘ಇದೇ ಸಾಗಣೆ ದರದಲ್ಲಿ ಇನ್ನು 250 ಗ್ರಾಂ ಸೇರಿಸಬಹುದು’ ಎಂದು ಬುಟ್ಟಿಯ ಕೆಳಗೆ ಒಂದು ಸಾಲು ಹಾಕಿದರೆ ಗ್ರಾಹಕರಿಗೂ ಸಂತೋಷ, ಅಂಗಡಿಗೂ ವ್ಯಾಪಾರ. ‘ಕಿಲೋಗೆ ಇಷ್ಟು’ ಎಂದು ಒಂದೇ ದರ ಹಾಕುವ ಅಂಗಡಿಗಳನ್ನು ಕಂಡರೆ ನನಗೆ ಮರುಕ. ಸಣ್ಣ ಡಬ್ಬಿಯಲ್ಲಿ ಅವರು ಕೈಯಿಂದ ಹಾಕುತ್ತಾರೆ, ದೊಡ್ಡ ಡಬ್ಬಿಯಲ್ಲಿ ಗ್ರಾಹಕರಿಂದ ಹೆಚ್ಚು ಕೀಳುತ್ತಾರೆ. ಮೊದಲ ಅರ್ಧ ಕಿಲೋ ಯಾವಾಗಲೂ ದುಬಾರಿ, ಆಮೇಲಿನವು ಅಷ್ಟಿಲ್ಲ. ದರಪಟ್ಟಿಯನ್ನು ಅರ್ಧ ಅರ್ಧ ಕಿಲೋದ ಮೆಟ್ಟಿಲಿನಲ್ಲಿಯೇ ಇಡಬೇಕು.

ಉಡುಗೊರೆ ಎಂದು ಬರೆದರೆ ಉಡುಗೊರೆಯಾಗುವುದಿಲ್ಲ

ಕಸ್ಟಮ್ಸ್‌ನಲ್ಲಿ ಮೊದಲ ಪ್ರಶ್ನೆ ಇದು ವ್ಯಾಪಾರವೋ ಉಡುಗೊರೆಯೋ ಎಂಬುದು. ಅಮೆರಿಕಕ್ಕೆ ಬರುವ 800 ಡಾಲರಿನೊಳಗಿನ ಪಾರ್ಸೆಲ್‌ಗಳಿಗೆ ಸುಂಕವಿಲ್ಲ ಎಂಬ ವಿನಾಯಿತಿ ಬಹುಕಾಲ ಇತ್ತು. ಆ ದಿನಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿಯನ್ನು ಎಲ್ಲ ದೇಶಗಳಿಗೂ ನಿಲ್ಲಿಸಿದರು. ಅದರ ಬಿಸಿಗೆ ಭಾರತೀಯ ಅಂಚೆಯೂ ಅಮೆರಿಕದ ಪಾರ್ಸೆಲ್‌ಗಳ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಂದು ಮತ್ತೆ ಆರಂಭಿಸಿತು. ಆಗ ಸುಂಕವನ್ನು ಬುಕಿಂಗ್ ಮಾಡುವಾಗಲೇ ಕಳಿಸುವವರಿಂದ ವಸೂಲಿ ಮಾಡುವ ವ್ಯವಸ್ಥೆ ಬಂದಿತು. ಸುಂಕದ ದರ ಪದೇ ಪದೇ ಬದಲಾಗುವುದರಿಂದ ಅದನ್ನು ಪುಟದಲ್ಲಿ ಅಚ್ಚು ಹಾಕಬೇಡಿ. ಪಟ್ಟಿಯಲ್ಲಿ ಬೇರೆಯಾಗಿ, ‘ಕೊನೆಯ ಸಲ ನೋಡಿದ ದಿನ’ ಎಂಬ ಕಾಲಮಿನ ಜೊತೆ ಇಡಿ.

ಉಳಿದುಕೊಂಡದ್ದು 100 ಡಾಲರಿನೊಳಗಿನ ಉಡುಗೊರೆಯ ವಿನಾಯಿತಿ. ಇಲ್ಲಿ ಉಡುಗೊರೆ ಎಂದರೆ ಹೊರದೇಶದಲ್ಲಿರುವ ವ್ಯಕ್ತಿಯೊಬ್ಬರು ಅಮೆರಿಕದಲ್ಲಿರುವ ವ್ಯಕ್ತಿಗೆ ಕಳಿಸಿದ್ದು. ಹುಬ್ಬಳ್ಳಿಯ ತಾಯಿ ಹಣ ಕೊಟ್ಟು ಮಗಳಿಗೆ ಕಳಿಸಿದ ಡಬ್ಬಿ ಉಡುಗೊರೆ. ಅದೇ ಡಬ್ಬಿಯನ್ನು ಡಲ್ಲಾಸಿನ ಮಗಳು ತಾನೇ ಹಣ ಕಟ್ಟಿ ತರಿಸಿಕೊಂಡರೆ ಅದು ಖರೀದಿ. ಅಂಗಡಿಯವರು ಮೇಲೆ ಎಷ್ಟು ದೊಡ್ಡದಾಗಿ ಉಡುಗೊರೆ ಎಂದು ಬರೆದರೂ ಅದು ಖರೀದಿಯೇ. ಸಿಹಿ ಒಂದೇ, ಪೆಟ್ಟಿಗೆ ಒಂದೇ, ಹೋಗುವ ವಿಳಾಸವೂ ಒಂದೇ. ಹಣ ಯಾರ ಕೈಯಿಂದ ಬಂದಿತು ಎಂಬುದರಿಂದ ಕಾಗದಪತ್ರವೇ ಬದಲಾಗುತ್ತದೆ. ಮೊದಲನೆಯದರಲ್ಲಿ ಕಳಿಸಿದವರ ಹೆಸರಿನ ಜಾಗದಲ್ಲಿ ತಾಯಿಯ ಹೆಸರು, ವಿಳಾಸ ಇರಬೇಕು. ಎರಡನೆಯದರಲ್ಲಿ ಅಂಗಡಿಯೇ ರಫ್ತುದಾರ. ಅದಕ್ಕೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು, ವಾಣಿಜ್ಯ ಇನ್‌ವಾಯ್ಸ್ ಬೇಕು, ಸುಂಕ ಯಾರು ಕಟ್ಟುತ್ತಾರೆ ಎಂಬ ತೀರ್ಮಾನವೂ ಬೇಕು. ಬ್ರಿಟನ್ನಿನಲ್ಲಿಯೂ ವ್ಯಕ್ತಿಯಿಂದ ವ್ಯಕ್ತಿಗೆ ಎಂಬುದೇ ನಿಯಮ. ಅಲ್ಲಿ ಉಡುಗೊರೆಯ ಮಿತಿ ಕೇವಲ 39 ಪೌಂಡ್.

‘ಬೆಲೆ ಸ್ವಲ್ಪ ಕಡಿಮೆ ಬರೆಯಿರಿ’ ಎಂದು ಕೇಳುವವರು ಇದ್ದೇ ಇರುತ್ತಾರೆ. ನಮ್ಮ ಡಬ್ಬಿಯ ಸಿಹಿಯ ಬೆಲೆ 1,700, ಅಂದರೆ 90ರ ದರದಲ್ಲಿ 19 ಡಾಲರ್ ಸಹ ಇಲ್ಲ. ಮಿತಿಗಿಂತ ಎಷ್ಟೋ ಕೆಳಗಿರುವುದನ್ನು ಇನ್ನಷ್ಟು ಇಳಿಸಿ ಸಿಗುವುದೇನೂ ಇಲ್ಲ. ಡಬ್ಬಿ ಕಳೆದುಹೋದರೆ ಪರಿಹಾರ ಮಾತ್ರ ಬರೆದಷ್ಟಕ್ಕೇ.

ಎರಡನೆಯದು ಆಹಾರದ ಮುನ್ಸೂಚನೆ. ಅಮೆರಿಕಕ್ಕೆ ಬರುವ ಆಹಾರದ ಬಗ್ಗೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೆ ಮೊದಲೇ ತಿಳಿಸಬೇಕು. ವಿಮಾನದಲ್ಲಿ ಬರುವುದಾದರೆ ತಲುಪುವ ನಾಲ್ಕು ಗಂಟೆ ಮೊದಲಾದರೂ ತಿಳಿಸಿರಬೇಕು. ಅಂಚೆಯಲ್ಲಿ ಹೋಗುವುದಾದರೆ ಕಳಿಸುವ ಮೊದಲೇ ಸಲ್ಲಿಸಿ, ಸಿಕ್ಕ ದೃಢೀಕರಣ ಸಂಖ್ಯೆ ಪಾರ್ಸೆಲಿನ ಜೊತೆ ಹೋಗಬೇಕು. ಮನೆಯಲ್ಲಿಯೇ ಕಟ್ಟಿದ ಉಂಡೆಯನ್ನು ಉಡುಗೊರೆಯಾಗಿ ಕಳಿಸಿದರೆ ಇದರಿಂದ ವಿನಾಯಿತಿ ಇದೆ. ಅಂಗಡಿಯಲ್ಲಿ ಕೊಂಡ ಉಂಡೆಗೆ ಆ ವಿನಾಯಿತಿ ಇಲ್ಲ. ‘ನಮ್ಮಮ್ಮ ಕಳಿಸಿದಾಗ ಏನೂ ಕೇಳಿರಲಿಲ್ಲವಲ್ಲ’ ಎಂಬ ಗ್ರಾಹಕರ ಮಾತಿಗೆ ಉತ್ತರ ಇಲ್ಲಿದೆ. ಅನೇಕ ಕೊರಿಯರ್‌ಗಳು ಈ ಮುನ್ಸೂಚನೆಯನ್ನು ತಾವೇ ಸಲ್ಲಿಸುತ್ತವೆ. ಆದರೆ ಅವರಿಗೆ ಬೇಕಾದ ವಿವರ ಅಂಗಡಿಯಿಂದಲೇ ಹೋಗಬೇಕು.

ವಿವರಣೆಯ ಜಾಗದಲ್ಲಿ ಬರೀ ‘ಸಿಹಿ’ ಎಂದೋ ‘ತಿಂಡಿ’ ಎಂದೋ ಇದ್ದರೆ ಅಧಿಕಾರಿಗೆ ಪೆಟ್ಟಿಗೆ ಬಿಚ್ಚದೆ ಬೇರೆ ದಾರಿ ಇಲ್ಲ. ಮೈಸೂರು ಪಾಕ್ ಎಂದರೆ ಏನೆಂದು ಅವರಿಗೆ ಗೊತ್ತಿರಬೇಕಿಲ್ಲ, ಕಡಲೆ ಹಿಟ್ಟು ಮತ್ತು ತುಪ್ಪ ಗೊತ್ತು. ನಮ್ಮ ಡಬ್ಬಿಯ ವಿವರಣೆ ಹೀಗಿರಲಿ:

```
Mysore Pak (cooked sweet: gram flour, sugar, ghee)
  2 boxes x 500 g    INR 900
Karadantu (cooked sweet: jaggery, dried coconut,
  dates, cashew, almond, edible gum, ghee)
  2 boxes x 500 g    INR 800
```

ಒಳಡಬ್ಬಿಯ ಮೇಲಿನ ಚೀಟಿಯಲ್ಲಿಯೂ ಇದೇ ಪಟ್ಟಿ ಇರಬೇಕು. ಎರಡರಲ್ಲಿ ವ್ಯತ್ಯಾಸ ಕಂಡರೆ ಅದೇ ಅನುಮಾನಕ್ಕೆ ಕಾರಣ. ಎಳ್ಳುಂಡೆ ಕಳಿಸುವವರು ಎಳ್ಳನ್ನು ಮರೆಯದೆ ಬರೆಯಬೇಕು. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳು ಕೂಡ ಕಡ್ಡಾಯವಾಗಿ ಹೇಳಬೇಕಾದ ಅಲರ್ಜಿ ಪದಾರ್ಥಗಳ ಸಾಲಿಗೆ ಸೇರಿದೆ.

ಖೋವಾ ಎಲ್ಲಿ ನಿಲ್ಲುತ್ತದೆ, ಗಸಗಸೆ ಎಲ್ಲಿ ನಿಲ್ಲುತ್ತದೆ

ಸುಂಕ ಹೆಚ್ಚೆಂದರೆ ಹಣ ಕೀಳುತ್ತದೆ. ಪದಾರ್ಥದ ನಿಯಮ ಡಬ್ಬಿಯನ್ನೇ ನುಂಗುತ್ತದೆ. ಅದರಲ್ಲಿ ಮೊದಲಿನದು ಹಾಲು.

ಆಸ್ಟ್ರೇಲಿಯಾ ಹಾಲಿನ ಸಿಹಿಗಳನ್ನು ಒಳಗೆ ಬಿಡುವುದಿಲ್ಲ. ದೀಪಾವಳಿ ಹತ್ತಿರ ಬಂದಾಗ ಅಲ್ಲಿನ ಕೃಷಿ ಇಲಾಖೆ ಪೇಡೆ, ಬರ್ಫಿ, ರಸಗುಲ್ಲಗಳ ಹೆಸರು ಹೇಳಿಯೇ ಎಚ್ಚರಿಸುತ್ತದೆ. ಇದರ ಹಿಂದಿರುವುದು ನಮ್ಮ ಹಳ್ಳಿಗಳಲ್ಲಿ ದನ ಕಟ್ಟಿದವರಿಗೆಲ್ಲ ಗೊತ್ತಿರುವ ಕಾಲುಬಾಯಿ ರೋಗ. ನಮ್ಮ ದೇಶದಲ್ಲಿ ಅದು ಇದೆ, ಆಸ್ಟ್ರೇಲಿಯಾದಲ್ಲಿ ಇಲ್ಲ. ಆ ವೈರಸ್ ಹಾಲಿನಲ್ಲಿಯೂ ಸಾಗಬಲ್ಲದು. ಒಮ್ಮೆ ಒಳನುಗ್ಗಿದರೆ ಅವರ ಮಾಂಸದ, ಹಾಲಿನ ರಫ್ತು ನಿಂತುಹೋಗುತ್ತದೆ. ಖೋವಾವನ್ನು ಗಂಟೆಗಟ್ಟಲೆ ಹುರಿದಿದ್ದೇವೆ ಎಂದು ನಾವು ವಾದಿಸಬಹುದು. ಎಷ್ಟು ಹುರಿದಿರಿ ಎಂಬುದಕ್ಕೆ ಪೆಟ್ಟಿಗೆಯೊಳಗೆ ಸಾಕ್ಷಿ ಇಲ್ಲವಲ್ಲ. ಆದ್ದರಿಂದ ಧಾರವಾಡ ಪೇಡೆ, ಬೆಳಗಾವಿಯ ಕುಂದಾ ಮೆಲ್ಬರ್ನಿನ ವಿಳಾಸಕ್ಕೆ ಬುಟ್ಟಿಗೇ ಬೀಳಬಾರದು. ತುಪ್ಪದ ಸಿಹಿಗಳ ಬಗ್ಗೆ ಅಲ್ಲಿನ BICON ಎಂಬ ಸಾರ್ವಜನಿಕ ಪಟ್ಟಿಯಲ್ಲಿ ನೋಡಿಯೇ ತೀರ್ಮಾನಿಸಬೇಕು.

ಅಮೆರಿಕಕ್ಕೂ ಇದೇ ರೋಗದ ಭಯ ಇದೆ, ಆದರೆ ಗೆರೆ ಎಳೆದಿರುವ ಜಾಗ ಬೇರೆ. ಕಾಲುಬಾಯಿ ರೋಗ ಇರುವ ದೇಶಗಳ ಹಾಲಿನ ಉತ್ಪನ್ನಗಳಿಗೆ ಅಲ್ಲಿನ ಕೃಷಿ ಇಲಾಖೆಯ ನಿರ್ಬಂಧವಿದ್ದರೂ ಬೆಣ್ಣೆ ಮತ್ತು ಬೆಣ್ಣೆ ಕಾಯಿಸಿ ತೆಗೆದ ಕೊಬ್ಬು, ಅಂದರೆ ನಮ್ಮ ತುಪ್ಪದ ಜಾತಿಯದು, ಅದರಿಂದ ಹೊರಗಿವೆ. ನಮ್ಮ ಡಲ್ಲಾಸಿನ ಡಬ್ಬಿಗೆ ಮೈಸೂರು ಪಾಕ್ ಆರಿಸಿದ್ದು ಈ ಕಾರಣಕ್ಕೇ. ಕಡಲೆ ಹಿಟ್ಟು, ಸಕ್ಕರೆ, ತುಪ್ಪ ಬಿಟ್ಟು ಅದರಲ್ಲಿ ಇನ್ನೇನೂ ಇಲ್ಲ. ಖೋವಾದ ಸಿಹಿಗೆ ಆ ನೆಮ್ಮದಿ ಇಲ್ಲ. ಹೋದರೆ ಹೋಯಿತು, ತಡೆದರೆ ಕೇಳುವಂತಿಲ್ಲ. ಜೊತೆಗೆ ಅದು ಬೇಗ ಕೆಡುವ ಪದಾರ್ಥ. ಕಸ್ಟಮ್ಸ್ ಗೋದಾಮಿನಲ್ಲಿ ನಾಲ್ಕು ದಿನ ಕುಳಿತ ಕುಂದಾ ಕೈಗೆ ಸಿಕ್ಕರೂ ತಿನ್ನುವ ಧೈರ್ಯ ಯಾರಿಗಿದೆ?

ಇನ್ನು ಗಸಗಸೆ. ಕರದಂಟಿಗೂ ಅಂಟಿನುಂಡೆಗೂ ಗಸಗಸೆ ಹಾಕುವ ಮನೆಗಳಿವೆ, ಅಂಗಡಿಗಳೂ ಇವೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆಯನ್ನು ಮಾದಕವಸ್ತುವಿನ ಸಾಲಿನಲ್ಲಿಟ್ಟು ನಿಷೇಧಿಸಿದ್ದಾರೆ. ಅಫೀಮಿನ ಗಿಡದ ಬೀಜ ಎಂಬುದೇ ಅವರಿಗೆ ಸಾಕು. ದುಬೈಗೆ ಹೋಗುವ ಕರದಂಟಿನಲ್ಲಿ ಅಡುಗೆಯವರು ಕೈತುಂಬ ಗಸಗಸೆ ಉದುರಿಸಿದ್ದರೆ ಕೈಬಿಟ್ಟು ಹೋಗುವುದು ಪೆಟ್ಟಿಗೆಯೊಂದೇ ಅಲ್ಲ. ಅದರ ಮೇಲೆ ಹೆಸರಿರುವ ನೆಂಟರು ಪೊಲೀಸರಿಗೆ ಉತ್ತರ ಹೇಳಬೇಕಾದೀತು. ಇದನ್ನು ಟಿಪ್ಪಣಿಯಲ್ಲಿ ಬರೆದು ಪಾರಾಗಲು ಸಾಧ್ಯವಿಲ್ಲ. ಕೊಲ್ಲಿಗೆ ಕಳಿಸುವ ಕರದಂಟಿನ ಹದವನ್ನು ಗಸಗಸೆ ಮುಟ್ಟದ ಬಾಣಲೆಯಲ್ಲಿ ಬೇರೆಯಾಗಿಯೇ ತೆಗೆಯಬೇಕು, ಡಬ್ಬಿಗೆ ಬೇರೆ ಚೀಟಿ ಅಂಟಿಸಬೇಕು.

ಎಲ್ಲ ದೇಶಕ್ಕೂ ಒಂದೇ ‘ರಫ್ತು ಯೋಗ್ಯ ಸಿಹಿ’ಗಳ ಪಟ್ಟಿ ಮಾಡಲಾಗದು ಎಂಬುದಕ್ಕೆ ಇಷ್ಟು ಸಾಕು. ಪ್ರತಿ ಸಿಹಿಯ ಹೆಸರಿನ ಮುಂದೆ ಖೋವಾ, ತುಪ್ಪ, ಗಸಗಸೆ, ಎಳ್ಳು, ಬೀಜಗಳು ಇವೆಯೋ ಇಲ್ಲವೋ ಎಂದು ಗುರುತು ಹಾಕಿ. ಪ್ರತಿ ದೇಶದ ಮುಂದೆ ಯಾವ ಪದಾರ್ಥಕ್ಕೆ ತಡೆ, ಯಾವುದಕ್ಕೆ ಪರಿಶೀಲನೆ ಎಂದು ಬರೆಯಿರಿ. ತಾಣ ಈ ಎರಡನ್ನು ತಾಳೆ ನೋಡಲಿ. ಹೊಸ ಸಿಹಿ ಬಂದಾಗ ದೇಶಗಳ ಪಟ್ಟಿ ಮುಟ್ಟಬೇಕಿಲ್ಲ, ನಿಯಮ ಬದಲಾದಾಗ ಸಿಹಿಗಳ ಪಟ್ಟಿ ಮುಟ್ಟಬೇಕಿಲ್ಲ.

ತಡೆಯುವಾಗ ಕಾರಣ ಹೇಳಿ ತಡೆಯುವುದು ಮರ್ಯಾದೆ. ‘ಈ ವಿಳಾಸಕ್ಕೆ ಲಭ್ಯವಿಲ್ಲ’ ಎಂದಷ್ಟೇ ಬಂದರೆ ಗ್ರಾಹಕರು ಸರಕು ಮುಗಿದಿರಬೇಕು ಎಂದುಕೊಂಡು ಮರುದಿನ ಮತ್ತೆ ಬರುತ್ತಾರೆ. ‘ಪೇಡೆಯಲ್ಲಿ ಖೋವಾ ಇರುವುದರಿಂದ ಆಸ್ಟ್ರೇಲಿಯಾದ ಗಡಿಯಲ್ಲಿ ನಾಶ ಮಾಡುತ್ತಾರೆ, ಆದ್ದರಿಂದ ಅಲ್ಲಿಗೆ ಕಳಿಸುವುದಿಲ್ಲ’ ಎಂದು ಬರೆದರೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಪರಿಶೀಲನೆಯ ಗುರುತು ಇರುವ ಸಿಹಿಗೆ, ತಡೆದರೆ ಡಬ್ಬಿ ವಾಪಸು ಬರುವುದಿಲ್ಲ, ಸಾಗಣೆಯ ಹಣವೂ ಸಿಗುವುದಿಲ್ಲ, ಸಿಹಿಯ ಬೆಲೆ ಅಂಗಡಿ ಕೊಡುತ್ತದೋ ಇಲ್ಲವೋ ಎಂಬ ಮೂರು ಮಾತನ್ನು ಹಣ ಕಟ್ಟುವ ಗುಂಡಿಯ ಮೇಲೆಯೇ ಬರೆಯಿರಿ. ಅದನ್ನು ಒಪ್ಪಿದೆ ಎಂದು ಗುರುತು ಹಾಕುವವರು ಹಣ ಕಟ್ಟುವವರೇ ಆಗಿರಬೇಕು. ಡಬ್ಬಿಗಾಗಿ ಕಾಯುತ್ತಿರುವ ನೆಂಟರಿಗೆ ಹೋಗುವ ಸಂದೇಶದಲ್ಲಿ ಡಬ್ಬಿಯೊಳಗಿನ ಪಟ್ಟಿ, ಟ್ರ್ಯಾಕಿಂಗ್ ಸಂಖ್ಯೆ, ಕಸ್ಟಮ್ಸ್‌ನಿಂದ ಕರೆ ಬಂದರೆ ಏನು ಹೇಳಬೇಕು ಎಂಬುದು ಇದ್ದರೆ ಸಾಕು. ಬೆಲೆ ಬೇಡ. ತಾಯಿ ಐದು ಸಾವಿರ ಸಾಗಣೆ ಕೊಟ್ಟದ್ದು ಮಗಳಿಗೆ ಗೊತ್ತಾದರೆ ಮುಂದಿನ ಆರ್ಡರ್ ಬರುವುದಿಲ್ಲ.